ಉಪ್ಪಿಟ್ಟು ಗಂಟಾಗದ ಹಾಗೆ

"ರವಾ ಹಾಕಿದ ಕೂಡಲೇ ಗಂಟಾಗ್ತದೆ, ಎಷ್ಟು ತಿರುವಿದರೂ ಒಡೆಯಲ್ಲ. ನೀರು ಕಡಿಮೆ ಆಗ್ತಿದೆಯಾ?"

ಅಕ್ಕಾ, ತಪ್ಪು ನೀರಿನದ್ದಲ್ಲ, ರವಾ ಹಾಕುವ ರೀತಿಯದ್ದು ಅನ್ನಿಸುತ್ತದೆ. ಒಮ್ಮೆಗೇ ಸುರಿದರೆ ಹೊರಗಿನ ರವಾ ಬೆಂದು ಅಂಟಾಗುತ್ತದೆ, ಒಳಗೆ ನೀರು ಇಳಿಯುವುದೇ ಇಲ್ಲ. ಒಂದು ಗಂಟು ಒಡೆದು ನೋಡಿ, ನಡುವೆ ಒಣ ರವಾ ಇರುತ್ತದೆ.

ದಪ್ಪ ರವಾ 1 ಬಟ್ಟಲು ತಗೊಳ್ಳಿ. ಒಂದು ಚಮಚ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ 7-8 ನಿಮಿಷ ಹುರಿಯಿರಿ. ಘಮ್ಮೆನ್ನಬೇಕು, ಸವಟಿನಿಂದ ಮರಳಿನಂತೆ ಜಾರಬೇಕು. ಕೆಂಪಾಗುವುದು ಬೇಡ.

ಉಳ್ಳಾಗಡ್ಡಿ ಒಗ್ಗರಣೆಗೆ ಎರಡೂವರೆ ಬಟ್ಟಲು ನೀರು, ಉಪ್ಪು ಹಾಕಿ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅತ್ತೆಗೆ ಮೆತ್ತಗೆ ಬೇಕು, ಹಾಗಾಗಿ 3 ಹಾಕುತ್ತೇನೆ. ಅಂಚಿನಲ್ಲಿ ಗುಳ್ಳೆ ಎದ್ದರೆ ಸಾಲದು, ನಡುವೆಯೂ ಕೊತಕೊತ ಕುದಿಯಬೇಕು. ಆಗ ಉರಿ ಸ್ವಲ್ಪ ತಗ್ಗಿಸಿ, ಒಂದು ಕೈಯಿಂದ ರವಾ ಸಣ್ಣಗೆ ಉದುರಿಸುತ್ತಾ ಇನ್ನೊಂದು ಕೈಯಿಂದ ತಿರುವುತ್ತಾ ಇರಿ. ಕುದಿ ನಿಂತರೆ ಉದುರಿಸುವುದನ್ನೂ ನಿಲ್ಲಿಸಿ, ಮತ್ತೆ ಕುದಿ ಬಂದ ಮೇಲೆ ಹಾಕಿ. ಅವಸರದ ದಿನ ನಾನೂ ಇಲ್ಲೇ ಎಡವುತ್ತೇನೆ.

ಆದರೂ ಗಂಟು ಕಂಡರೆ, ಮುಚ್ಚುವ ಮೊದಲೇ ಸವಟಿನ ಬೆನ್ನಿನಿಂದ ಬಾಣಲೆಯ ಅಂಚಿಗೆ ಒತ್ತಿ ಒಡೆಯಿರಿ. ಆಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ 3 ನಿಮಿಷ ಬಿಡಿ.