ಒಂದೇ ದೃಶ್ಯಕ್ಕೆ ನಾಲ್ಕು ಹೆಸರು ಏಕೆ?

ಪ್ರಶ್ನೆ: ನಮ್ಮ ಸುದ್ದಿವಾಹಿನಿಯ ಹಳೆಯ ದೃಶ್ಯಗಳಿಗೆ ನಾಲ್ವರು ಸಂಕಲನಕಾರರು ಟ್ಯಾಗ್ ಹಾಕುತ್ತಾರೆ. ಪದಗಳ ಪಟ್ಟಿ ಕೊಟ್ಟಿದ್ದರೂ ಒಬ್ಬೊಬ್ಬರದು ಒಂದೊಂದು ರೀತಿ. ಏನು ಮಾಡಬೇಕು?

ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಕಾರಣವೂ ಪ್ರತಿ ಸಲ ಒಂದೇ: ಪಟ್ಟಿಯಲ್ಲಿ ಪದಗಳಿರುತ್ತವೆ, ಆದರೆ ಯಾವ ಪದ ಎಂಥ ದೃಶ್ಯಕ್ಕೆ ಸಲ್ಲುತ್ತದೆ, ಎಂಥದಕ್ಕೆ ಸಲ್ಲುವುದಿಲ್ಲ ಎಂಬ ಟಿಪ್ಪಣಿ ಇರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೆ ನೀರು ನುಗ್ಗಿದ ದೃಶ್ಯಕ್ಕೆ ಒಬ್ಬರು ‘ನೆರೆ’, ಇನ್ನೊಬ್ಬರು ‘ಪ್ರವಾಹ’, ಮತ್ತೊಬ್ಬರು ‘ಮಳೆ ಹಾನಿ’ ಎಂದು ಬರೆದರೆ, ಮುಂದೆ ‘ಪ್ರವಾಹ’ ಎಂದು ಹುಡುಕುವವರಿಗೆ ಉಳಿದ ಎರಡು ಸಿಗುವುದೇ ಇಲ್ಲ. ‘ಪ್ರವಾಹ’ವನ್ನು ಮುಖ್ಯ ಪದವಾಗಿಟ್ಟು, ‘ನೆರೆ’ಯನ್ನು ಅದರ ಪರ್ಯಾಯವಾಗಿ ಸೇರಿಸಿ. ಯಾರು ‘ನೆರೆ’ ಎಂದು ಟೈಪ್ ಮಾಡಿದರೂ ದಾಖಲಾಗಬೇಕಾದದ್ದು ‘ಪ್ರವಾಹ’. ‘ಮಳೆ ಹಾನಿ’ ಮಾತ್ರ ಪರ್ಯಾಯವಲ್ಲ, ಬೇರೆಯದೇ ಸಂಗತಿ. ಆದ್ದರಿಂದ ಟಿಪ್ಪಣಿ ಹೀಗಿರಲಿ: ‘ನದಿ, ಹಳ್ಳ ಅಥವಾ ಕೆರೆಯ ನೀರು ದಡ ಮೀರಿ ಹರಿದದ್ದು ಕಾಣುತ್ತಿದ್ದರೆ ಪ್ರವಾಹ, ಮಳೆಗೆ ಗೋಡೆ ಕುಸಿದದ್ದು, ಮರ ಉರುಳಿದ್ದು ಮಳೆ ಹಾನಿ.’

ಇಷ್ಟಾದರೂ ಗೊಂದಲ ಉಳಿದರೆ, ಕಾಣುವುದನ್ನೂ ಸುದ್ದಿಯ ವಿಷಯವನ್ನೂ ಒಂದೇ ಅಂಕಣದಲ್ಲಿ ತುಂಬಿಸುತ್ತಿದ್ದೀರಿ ಎಂದರ್ಥ. ಪ್ರವಾಹ ಪರಿಹಾರದ ಬಗ್ಗೆ ಸಚಿವರು ಮಾತನಾಡಿದ ತುಣುಕಿನಲ್ಲಿ ಕಾಣುವುದು ಪತ್ರಿಕಾಗೋಷ್ಠಿ, ವಿಷಯ ಪ್ರವಾಹ ಪರಿಹಾರ. ಇವೆರಡಕ್ಕೆ ಬೇರೆ ಬೇರೆ ಅಂಕಣ ಇಲ್ಲದಿದ್ದರೆ, ಉಕ್ಕುವ ನದಿಯ ದೃಶ್ಯ ಬೇಕಾದವರಿಗೆ ಮೈಕಿನ ಮುಂದೆ ಕುಳಿತವರು ಸಿಗುತ್ತಾರೆ.

ಬಳಿಕ ಪರೀಕ್ಷಿಸಿ. ಮೂವತ್ತು ತುಣುಕುಗಳನ್ನು ಆರಿಸಿ, ಅವನ್ನೇ ಇಬ್ಬರಿಗೂ ಕೊಟ್ಟು, ಪರಸ್ಪರ ಮಾತನಾಡದೆ ಟ್ಯಾಗ್ ಹಾಕಲು ಹೇಳಿ. ಒಂದು ತುಣುಕಿಗೆ ಒಬ್ಬರು ನಾಲ್ಕು, ಇನ್ನೊಬ್ಬರು ಐದು ಪದ ಹಾಕಿ, ಮೂರು ಮಾತ್ರ ಇಬ್ಬರಲ್ಲೂ ಇದ್ದರೆ, ಒಟ್ಟು ಆರು ಪದಗಳಲ್ಲಿ ಮೂರಕ್ಕೆ ಒಮ್ಮತ, ಅಂದರೆ ಅರ್ಧ. ಅಂಕಿಗಿಂತ ಮುಖ್ಯವಾದದ್ದು ಭಿನ್ನತೆಯ ಬಗೆ. ಒಂದೇ ಜೋಡಿ ಪದಗಳು ಪದೇ ಪದೇ ಅದಲುಬದಲಾಗುತ್ತಿದ್ದರೆ ಟಿಪ್ಪಣಿ ಅಸ್ಪಷ್ಟವಾಗಿದೆ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಬಿಟ್ಟಿದ್ದರೆ, ಹಿನ್ನೆಲೆಯಲ್ಲಿ ಕಾಣುವುದಕ್ಕೂ ಟ್ಯಾಗ್ ಬೇಕೇ ಎಂಬ ನಿಯಮ ನಿಮ್ಮಲ್ಲಿಲ್ಲ. ಸಂಕಲನಕಾರರನ್ನು ಗದರಿಸುವುದರಿಂದ ಇವೆರಡೂ ಸರಿಹೋಗುವುದಿಲ್ಲ.

ಹೊಸ ಪದವನ್ನು ನೇರವಾಗಿ ಸೇರಿಸುವ ಅಧಿಕಾರ ಯಾರಿಗೂ ಬೇಡ. ಪ್ರಸ್ತಾವಗಳನ್ನು ವಾರಕ್ಕೊಮ್ಮೆ ಒಬ್ಬರೇ ನೋಡಿ ತೀರ್ಮಾನಿಸಲಿ.

ಪ್ರಶ್ನೆ: ಹತ್ತು ಸಾವಿರ ಪದಗಳ ಸಿದ್ಧ ಪಟ್ಟಿಯನ್ನು ಒಬ್ಬರು ಮಾರುತ್ತಿದ್ದಾರೆ. ಕೊಳ್ಳಬಹುದೇ?

ಬೇಡ. ನಿಮ್ಮ ಭಂಡಾರದ ಒಂದು ತುಣುಕನ್ನೂ ನೋಡದವರು ನಿಮಗೆ ಬೇಕಾದ ಪದಗಳನ್ನು ಹೇಳಲಾರರು.

ಪ್ರಶ್ನೆ: ಹಳೆಯ ದೃಶ್ಯಗಳಿಗೆ ಬಿಜಾಪುರ ಎಂದು ಹಾಕಬೇಕೇ, ವಿಜಯಪುರ ಎಂದೇ?

2014ರ ನವೆಂಬರ್ 1ರಿಂದ ಅಧಿಕೃತ ಹೆಸರು ವಿಜಯಪುರ. ಅದು ಮುಖ್ಯ ಪದವಾಗಿರಲಿ, ಬಿಜಾಪುರ ಪರ್ಯಾಯವಾಗಿರಲಿ. ಆದರೆ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ, ಛತ್ತೀಸಗಢದಲ್ಲಿ ಬಿಜಾಪುರ ಜಿಲ್ಲೆಯಿದೆ. ಹೆಸರನ್ನಷ್ಟೇ ನಂಬದೆ ಪ್ರತಿ ಊರಿಗೂ ಪ್ರತ್ಯೇಕ ಸಂಖ್ಯೆ ಕೊಟ್ಟು, ಪಕ್ಕದಲ್ಲಿ ಜಿಲ್ಲೆ ಮತ್ತು ರಾಜ್ಯ ಕಾಣುವಂತೆ ಮಾಡಿ.