ಬಾಯಿಪಾಠ ಬಂದರೂ ಕೈಗೆ ಬರದ ಮೂರು ವಿಷಯಗಳು

ಪ್ರಶ್ನೆ: ಮನೆಯಲ್ಲಿ 8 ತಿಂಗಳ ಮಗು ಇದೆ, ವಯಸ್ಸಾದ ಅಪ್ಪ ಅಮ್ಮ ಇದ್ದಾರೆ. ಸುಟ್ಟ ಗಾಯ, ಗಂಟಲಲ್ಲಿ ಏನಾದ್ರೂ ಸಿಕ್ಕಿಕೊಳ್ಳೋದು, ತಲೆಸುತ್ತಿ ಬೀಳೋದು, ಈ ಮೂರಕ್ಕೆ ಒಂದು ದಿನದ ಪ್ರಥಮ ಚಿಕಿತ್ಸೆ ಕೋರ್ಸ್ ಇದೆ. ಅರ್ಧ ದಿನ ಬರೀ ಪ್ರಾಕ್ಟೀಸ್ ಅಂತೆ. ವಿಡಿಯೊ ನೋಡಿ ಕಲಿತರೆ ಸಾಲದಾ?

ಸಾಲದು. ಕೋರ್ಸಿಗೆ ಹೋಗುವ ಮೊದಲು ನಾನೂ ಸಾಕಷ್ಟು ವಿಡಿಯೊ ನೋಡಿದ್ದೆ. ಬೆನ್ನಿಗೆ 5, ಹೊಟ್ಟೆಗೆ 5 ಅಂತ ಬಾಯಿಪಾಠ ಆಗಿತ್ತು. ಆದರೆ ಎಲ್ಲಿ, ಎಷ್ಟು ಜೋರಾಗಿ, ಎಷ್ಟು ಹೊತ್ತು ಅನ್ನುವುದು ನನ್ನ ಕೈಗೆ ಗೊತ್ತಿರಲಿಲ್ಲ.

ನಮ್ಮ ಬ್ಯಾಚಿನಲ್ಲಿ 12 ಜನ ಇದ್ದೆವು. ಮಧ್ಯಾಹ್ನ ಎಲ್ಲರೂ ಊಟ ಮಾಡುತ್ತಾ ಮಾತಾಡುತ್ತಿದ್ದಾಗ ಒಬ್ಬ ಮಹಿಳೆ ಎದ್ದು ಬಾಗಿಲ ಕಡೆ ಹೋದರು. ಕೈ ತೊಳೆಯಲು ಹೊರಟರು ಅಂದುಕೊಂಡೆವು. ಸ್ವಲ್ಪ ಹೊತ್ತಾದ ಮೇಲೆ ಶಿಕ್ಷಕರು ಗಡಿಯಾರ ತೋರಿಸಿ, "ಅವರಿಗೆ ಉಸಿರು ಕಟ್ಟಿ ಒಂದೂವರೆ ನಿಮಿಷ ಆಯಿತು, ಒಬ್ಬರೂ ತಿರುಗಿ ನೋಡಲಿಲ್ಲ" ಅಂದರು. ಹಾಗೆ ನಟಿಸಲು ಅವರಿಗೆ ಮೊದಲೇ ಹೇಳಿಟ್ಟಿದ್ದರು. ಕೈ ಗಂಟಲ ಮೇಲಿತ್ತು, ಬಾಯಿ ತೆರೆದಿತ್ತು, ಸದ್ದು ಮಾತ್ರ ಇರಲಿಲ್ಲ. ನಾವೆಲ್ಲ ಕೆಮ್ಮು, ಗಲಾಟೆ ಆಗುತ್ತದೆ ಅಂತ ಕಾಯುವವರು. ಆದರೆ ಗಂಟಲು ಪೂರ್ತಿ ಮುಚ್ಚಿದಾಗ ಗಾಳಿಯೇ ಓಡಾಡುವುದಿಲ್ಲ. ಗಾಳಿ ಇಲ್ಲದೆ ದನಿ ಎಲ್ಲಿಂದ ಬರಬೇಕು?

ಹಾಗಾಗಿ ಮೊದಲು ಕಲಿಯಬೇಕಾದದ್ದು ಕೈಚಳಕವಲ್ಲ, ಒಂದು ಪ್ರಶ್ನೆ. "ಗಂಟಲಲ್ಲಿ ಸಿಕ್ಕಿಕೊಂಡಿದೆಯಾ?" ಅಂತ ಕೇಳಬೇಕು. ಮಾತಾಡಿ ಉತ್ತರ ಕೊಟ್ಟರೆ, ಜೋರಾಗಿ ಕೆಮ್ಮುತ್ತಿದ್ದರೆ, ಕೆಮ್ಮಲು ಬಿಡಿ. ಪಕ್ಕದಲ್ಲೇ ನಿಂತು ಇನ್ನೂ ಜೋರಾಗಿ ಕೆಮ್ಮಿ ಅನ್ನಿ, ಬೆನ್ನಿಗೆ ಹೊಡೆಯಬೇಡಿ. ಆ ಕೆಮ್ಮಿಗಿರುವ ಬಲ ನಮ್ಮ ಕೈಗಿಲ್ಲ. ತಲೆ ಮಾತ್ರ ಆಡಿಸಿ ದನಿ ಬರದಿದ್ದರೆ, ಅಥವಾ ಕೆಮ್ಮು ಸೊರಗುತ್ತಾ ಬಂದರೆ, ತಕ್ಷಣ ಶುರು ಮಾಡಬೇಕು.

ಪ್ರಾಕ್ಟೀಸಿನಲ್ಲಿ ಬಹುತೇಕ ಎಲ್ಲರೂ ಒಂದೇ ತಪ್ಪು ಮಾಡಿದೆವು. ನೆಟ್ಟಗೆ ನಿಂತವರ ಬೆನ್ನನ್ನು ಮೆಲ್ಲಗೆ ತಟ್ಟಿದೆವು, ಮಗುವಿಗೆ ತೇಗು ಬರಿಸಲು ತಟ್ಟುತ್ತೇವಲ್ಲ, ಹಾಗೆ. ನೆಟ್ಟಗಿದ್ದಾಗ ಹೊಡೆದರೆ ಒಳಗಿರುವುದು ಇನ್ನೂ ಕೆಳಗೆ ಜಾರಬಹುದು. ಅವರ ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಂತು, ಒಂದು ಕೈಯಲ್ಲಿ ಎದೆ ಹಿಡಿದು, ಮುಂದಕ್ಕೆ ಚೆನ್ನಾಗಿ ಬಗ್ಗಿಸಬೇಕು. ಆಮೇಲೆ ಇನ್ನೊಂದು ಅಂಗೈಯ ಬುಡದಿಂದ, ಎರಡು ಹೆಗಲಮೂಳೆಗಳ ನಡುವೆ, ಬಿಗಿಯಾಗಿ 5 ಏಟು. ಪ್ರತಿ ಏಟಿನ ನಂತರ ಹೊರಬಂತಾ ಅಂತ ನೋಡಬೇಕು. ಎರಡನೇ ಏಟಿಗೇ ಬಂದರೆ ಅಲ್ಲಿಗೇ ನಿಲ್ಲಿಸಬೇಕು, 5 ಮುಗಿಸಲೇಬೇಕು ಅಂತೇನಿಲ್ಲ.

ಬರದಿದ್ದರೆ ಹಿಂದೆ ನಿಂತು ಹೊಟ್ಟೆಯನ್ನು ಸುತ್ತಿ ಹಿಡಿಯಬೇಕು. ಮುಷ್ಟಿ ಇರಬೇಕಾದದ್ದು ಹೊಕ್ಕುಳಿನ ಸ್ವಲ್ಪ ಮೇಲೆ, ಎದೆಮೂಳೆಯ ತುದಿಗಿಂತ ಕೆಳಗೆ. ನಾನು ಮೊದಲ ಸಲ ಪಕ್ಕೆಲುಬಿನ ಮೇಲೆ ಇಟ್ಟಿದ್ದೆ. ನಿಜವಾಗಿ ಎಳೆದಿದ್ದರೆ ಎಲುಬು ಮುರಿಯಬಹುದಿತ್ತು. ಈಗ ಮೊದಲು ಕಿರುಬೆರಳಿಂದ ಹೊಕ್ಕುಳು ಹುಡುಕುತ್ತೇನೆ, ಅದಕ್ಕಿಂತ ಸ್ವಲ್ಪ ಮೇಲಕ್ಕೆ ಮುಷ್ಟಿ ಕೂರಿಸುತ್ತೇನೆ. ಇನ್ನೊಂದು ಕೈಯಲ್ಲಿ ಮುಷ್ಟಿ ಹಿಡಿದು, ಒಳಕ್ಕೂ ಮೇಲಕ್ಕೂ ಒಟ್ಟಿಗೆ ಹೋಗುವಂತೆ ಜಗ್ಗಬೇಕು. 5 ಸಲ. ಆಗಲೂ ಬರದಿದ್ದರೆ ಮತ್ತೆ ಬೆನ್ನಿಗೆ 5. ಹೀಗೆ ಬದಲಾಯಿಸುತ್ತಾ ಹೋಗಬೇಕು, ಅಷ್ಟರಲ್ಲಿ ಇನ್ನೊಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಬೇಕು. ತುಂಬು ಗರ್ಭಿಣಿಯರಿಗೆ, ಅಥವಾ ತೋಳು ಹೊಟ್ಟೆಯ ಸುತ್ತ ಸಾಲದಷ್ಟು ದಪ್ಪ ಇರುವವರಿಗೆ ಹೊಟ್ಟೆ ಬಿಟ್ಟು ಎದೆಯ ನಡುವೆ ನೇರವಾಗಿ ಒಳಕ್ಕೆ ಜಗ್ಗಬೇಕು.

ಎಷ್ಟು ಜೋರು? ಇದನ್ನು ಯಾವ ವಿಡಿಯೊನೂ ಹೇಳಿಕೊಡಲಾರದು. ನಮ್ಮಲ್ಲಿ ಒಂದು ತರಬೇತಿ ಜಾಕೆಟ್ ಇತ್ತು. ಅದನ್ನು ಹಾಕಿಕೊಂಡವರ ಹೊಟ್ಟೆಯ ಜಾಗದಲ್ಲಿ ಸರಿಯಾಗಿ ಜಗ್ಗಿದರೆ ಮಾತ್ರ ಒಂದು ಸ್ಪಂಜಿನ ಬಿರಡೆ ಹಾರಿ ಹೋಗುತ್ತದೆ. ನನಗೆ ಅದು ಹಾರಿದ್ದು ನಾಲ್ಕನೇ ಯತ್ನದಲ್ಲಿ. ಮೊದಲ ಮೂರರಲ್ಲಿ ನಾನು ಸುಮ್ನೆ ತಬ್ಬಿಕೊಳ್ಳುತ್ತಿದ್ದೆ ಅಷ್ಟೇ.

ಅದು ಕೆಲಸಕ್ಕೆ ಬಂದದ್ದು ಸುಮಾರು ಒಂದು ವರ್ಷದ ನಂತರ. ರಾತ್ರಿ ಊಟಕ್ಕೆ ಕೂತಾಗ ನಮ್ಮ ಚಿಕ್ಕಪ್ಪ ಏನೂ ಹೇಳದೆ ಎದ್ದು ಬಚ್ಚಲಮನೆ ಕಡೆ ನಡೆದರು. ನಾಲ್ಕು ಜನರ ಮುಂದೆ ಉಗುಳುವುದು ಹೇಗೆ ಅಂತ ಹೀಗೆ ಎದ್ದು ಹೋಗುವವರು ಬಹಳ, ಒಂಟಿಯಾದ ಮೇಲೆ ಕುಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಕೋರ್ಸಿನ ಆ ಬಾಗಿಲು ನೆನಪಾಯಿತು. ಹಿಂದೆಯೇ ಓಡಿದೆ. ಕೇಳಿದರೆ ತಲೆ ಆಡಿಸಿದರು, ದನಿ ಇಲ್ಲ. ಚಿಕ್ಕಮ್ಮ ನೀರು ತಂದರು, ನಾನು ಬೇಡ ಅಂದೆ. ಮುಚ್ಚಿದ ಗಂಟಲಿಗೆ ನೀರು ಹಾಕಿದರೆ ಇನ್ನೊಂದು ತೊಂದರೆ. ಬಗ್ಗಿಸಿ 5 ಏಟು ಕೊಟ್ಟೆ, ಬರಲಿಲ್ಲ. ಹೊಟ್ಟೆಗೆ ಮೂರನೇ ಸಲ ಜಗ್ಗಿದಾಗ ತುತ್ತು ಹೊರಬಿತ್ತು. ಮೊದಲು ಒಂದು ಕರ್ಕಶ ಉಸಿರು, ಆಮೇಲೆ ಕೆಮ್ಮು. ಆ ಕೆಮ್ಮು ಕೇಳಿ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರು ಚೆನ್ನಾಗಿಯೇ ಇದ್ದರೂ ಅಂದೇ ರಾತ್ರಿ ಡಾಕ್ಟರಿಗೆ ತೋರಿಸಿದೆವು. ಹೊಟ್ಟೆ ಜಗ್ಗಿದಾಗ ಒಳಗೆ ಪೆಟ್ಟಾಗಿರಬಹುದು, ಹೊರಗೆ ಕಾಣುವುದಿಲ್ಲ.

ಅವರು ಪ್ರಜ್ಞೆ ತಪ್ಪಿದ್ದರೆ ಈ ಏಟು, ಜಗ್ಗುವುದು ಎಲ್ಲ ಬಿಟ್ಟು, ನೆಲದ ಮೇಲೆ ಮಲಗಿಸಿ ಸಿಪಿಆರ್ ಶುರು ಮಾಡಬೇಕಿತ್ತು. ಎದೆಯ ನಡುವೆ 30 ಸಲ ಒತ್ತುವುದು, ಬಾಯಿ ತೆರೆದು ನೋಡುವುದು, 2 ಸಲ ಉಸಿರು ಕೊಡುವುದು. ತುತ್ತು ಕಣ್ಣಿಗೆ ಕಂಡರೆ ಮಾತ್ರ ತೆಗೆಯಬೇಕು. ಕಾಣದೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ನಿಮ್ಮ ಮಗುವಿನ ವಿಷಯ ಪೂರ್ತಿ ಬೇರೆ. 1 ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತಲೇಬಾರದು, ಲಿವರ್‌ಗೆ ಪೆಟ್ಟಾಗಬಹುದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ತಗ್ಗಿನಲ್ಲಿರುವಂತೆ, ದವಡೆಯ ಮೂಳೆ ಹಿಡಿದುಕೊಂಡು ಬೆನ್ನಿಗೆ 5 ಏಟು. ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಒತ್ತು. ಬೊಂಬೆ ಹಿಡಿದಾಗ ನಮ್ಮಲ್ಲಿ ಎಷ್ಟೋ ಜನ ದವಡೆಯ ಬದಲು ಕತ್ತನ್ನೇ ಹಿಡಿದಿದ್ದರು, ಅಂದರೆ ಉಸಿರು ಬಿಡಿಸಬೇಕಾದ ಕೈಯೇ ಉಸಿರು ಕಟ್ಟಿಸುತ್ತಿತ್ತು. ಇನ್ನೊಂದು ಮಾತು, ಹಳೆಯ ವಿಡಿಯೊಗಳಲ್ಲಿ ಮಗುವಿನ ಎದೆಯನ್ನು ಎರಡು ಬೆರಳಿಂದ ಒತ್ತುವುದನ್ನು ನೋಡುತ್ತೀರಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2025ರ ಮಾರ್ಗಸೂಚಿಯಲ್ಲಿ ಅದನ್ನು ಒಂದು ಅಂಗೈಯ ಬುಡದಿಂದ ಒತ್ತಿ ಎಂದು ಬದಲಾಯಿಸಿದೆ.

ಸುಟ್ಟ ಗಾಯದ ಪ್ರಾಕ್ಟೀಸ್ ಇನ್ನೂ ಸರಳ, ಆದರೆ ನನಗೆ ಅತಿ ಹೆಚ್ಚು ಕಲಿಸಿದ್ದು ಅದೇ ಅನ್ನಿಸುತ್ತದೆ. ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ, ಅಷ್ಟೇ ಪಾಠ. ಶಿಕ್ಷಕರು ಗಡಿಯಾರ ತೆಗೆದಿಟ್ಟು ನಮ್ಮ ಕೈಗಳನ್ನು ನಲ್ಲಿ ಕೆಳಗೆ ಹಿಡಿಸಿದರು. ಸಾಕು ಅನ್ನಿಸಿದಾಗ ಹೇಳಿ ಅಂದರು. ನಾನು ಹೇಳಿದಾಗ 4 ನಿಮಿಷ ಆಗಿತ್ತು! ಮನೆಯಲ್ಲಿ ಎಲ್ಲರೂ ಮಾಡುವುದೂ ಅದೇ. ಉರಿ ಕಡಿಮೆಯಾದ ಕೂಡಲೇ ಕೈ ತೆಗೆಯುತ್ತೇವೆ. ಆದರೆ ಚರ್ಮದ ಕೆಳಪದರದಲ್ಲಿ ಬಿಸಿ ಉಳಿದಿದ್ದು ಅದು ಇನ್ನೂ ಸುಡುತ್ತಲೇ ಇರುತ್ತದೆ. ಈಗ ನಾನು ಫೋನಿನಲ್ಲಿ ಟೈಮರ್ ಹಾಕದೆ ನಂಬುವುದಿಲ್ಲ. ಉಂಗುರ, ಬಳೆ, ವಾಚು ಮೊದಲೇ ತೆಗೆಯಬೇಕು, ಊದಿದ ಮೇಲೆ ಬರುವುದಿಲ್ಲ. ಅಂಟಿಕೊಂಡ ಬಟ್ಟೆ ಎಳೆಯಬಾರದು. ಐಸು, ಟೂತ್‌ಪೇಸ್ಟು, ಎಣ್ಣೆ ಯಾವುದೂ ಬೇಡ. ಮಗುವಾದರೆ ಗಾಯಕ್ಕೆ ಮಾತ್ರ ನೀರು ಹರಿಸಿ, ಉಳಿದ ಮೈಯನ್ನು ಬೆಚ್ಚಗೆ ಹೊದಿಸಿ, ಮೈ ತಣ್ಣಗಾಗುವುದು ಬೇಗ. ಗಾಯವಾದವರ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲುಗಳ ಮೇಲಿದ್ದರೆ, ಬೆಳ್ಳಗಾಗಿ ನೋವೇ ಇಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಚಿಕ್ಕ ಮಕ್ಕಳಾದರೆ ಗಾಯ ಎಷ್ಟೇ ಇರಲಿ ತೋರಿಸಿ.

ತಲೆಸುತ್ತಿ ಬಿದ್ದವರಿಗೆ ಎಲ್ಲರೂ ಮಾಡುವುದು ಒಂದೇ, ಎತ್ತಿ ಕೂರಿಸುವುದು. ಅದು ತಿರುಗುಮುರುಗು. ಮಿದುಳಿಗೆ ರಕ್ತ ಸಾಲದೆ ಬಿದ್ದವರನ್ನು ಮತ್ತೆ ಕೂರಿಸಿದರೆ ರಕ್ತ ಮತ್ತೆ ಕಾಲಿಗೆ ಇಳಿಯುತ್ತದೆ. ಅಂಗಾತ ಮಲಗಿಸಿ ಕಾಲು ಮೇಲೆತ್ತಿ, ಪೂರ್ತಿ ಎಚ್ಚರ ಆಗುವವರೆಗೆ ಬಾಯಿಗೆ ಏನೂ ಹಾಕಬೇಡಿ. ಇದಕ್ಕೂ ಮೊದಲು ಉಸಿರಾಟ ನೋಡಬೇಕು. ಕೆನ್ನೆಯನ್ನು ಅವರ ಬಾಯಿಯ ಹತ್ತಿರ ತಂದು, ಕಣ್ಣು ಎದೆಯ ಮೇಲಿಟ್ಟು, 10 ಸೆಕೆಂಡ್. ಪ್ರಾಕ್ಟೀಸಿನಲ್ಲಿ ನಾವು 3 ಸೆಕೆಂಡಿಗೇ "ಇದೆ" ಅಂದುಬಿಡುತ್ತಿದ್ದೆವು. ಅಪರೂಪಕ್ಕೆ ಒಂದೊಂದು ಸಲ ಏದುಸಿರು ಬಂದರೆ ಅದನ್ನು ಉಸಿರಾಟ ಅಂತ ಲೆಕ್ಕ ಹಾಕಬಾರದು, ಆಗ ಸಿಪಿಆರ್ ಬೇಕು. ಸಾಮಾನ್ಯ ತಲೆಸುತ್ತಾದರೆ ಒಂದು ನಿಮಿಷದ ಒಳಗೆ ಕಣ್ಣು ಬಿಡುತ್ತಾರೆ. ಬಿಡದಿದ್ದರೂ ಉಸಿರಾಟ ಸರಿ ಇದ್ದರೆ ಪಕ್ಕಕ್ಕೆ ಹೊರಳಿಸಿ ಆಂಬುಲೆನ್ಸ್ ಕರೆಯಿರಿ.

ಕೋರ್ಸ್ ಸೇರುವ ಮೊದಲು ಎರಡೇ ವಿಷಯ ಕೇಳಿ. ಕೂಸಿನ ಬೊಂಬೆ ಇದೆಯಾ? ಪ್ರತಿಯೊಬ್ಬರ ಕೈಯಲ್ಲೂ ಮಾಡಿಸುತ್ತಾರಾ, ಅಥವಾ ಒಬ್ಬರು ಮಾಡಿ ತೋರಿಸಿದರೆ ಮುಗಿಯಿತಾ? ಎರಡನೆಯದಾದರೆ ಅದೂ ಒಂದು ವಿಡಿಯೊನೇ ಅಲ್ವಾ?

ಕಲಿತದ್ದು ಕೆಲವೇ ತಿಂಗಳಲ್ಲಿ ಕೈ ಬಿಟ್ಟು ಹೋಗುತ್ತದೆ. ನಾವು ಮನೆಯಲ್ಲಿ ತಿಂಗಳಿಗೊಮ್ಮೆ 10 ನಿಮಿಷ ಇಡುತ್ತೇವೆ. ಒಬ್ಬರು ಹೇಳದೆ ಕೇಳದೆ ಗಂಟಲು ಹಿಡಿದುಕೊಳ್ಳುತ್ತಾರೆ, ಒಬ್ಬರು ಬಗ್ಗಿಸುತ್ತಾರೆ, ಒಬ್ಬರು ಫೋನ್ ಎತ್ತಿಕೊಂಡು ಮನೆ ವಿಳಾಸವನ್ನು ಗಟ್ಟಿಯಾಗಿ ಹೇಳುತ್ತಾರೆ. ನನ್ನ ತಂಗಿ ಮೊದಲ ಸಲ ಬಾಗಿಲಿನ ನಂಬರೇ ಮರೆತಿದ್ದಳು. ಆದರೆ ಆರೋಗ್ಯವಾಗಿರುವವರ ಮೇಲೆ ನಿಜವಾಗಿ ಹೊಡೆಯುವುದು, ಜಗ್ಗುವುದು ಬೇಡವೇ ಬೇಡ. ಮುಷ್ಟಿ ಸರಿಯಾದ ಜಾಗದಲ್ಲಿ ಕೂರಿಸಿ, "ಈಗ ಜಗ್ಗುತ್ತೇನೆ" ಅಂತ ಬಾಯಲ್ಲಿ ಹೇಳಿ ನಿಲ್ಲಿಸಿ. ಮಗುವಿನ ಭಾಗಕ್ಕೆ ಗೊಂಬೆ ಬಳಸಿ, ನಿಮ್ಮ ಮಗುವನ್ನಲ್ಲ.