ಕೆಲಸ ಎಷ್ಟಾಗಿದೆ? "ಶೇ. 90" ಅನ್ನುವ ಉತ್ತರ ಯಾಕೆ ಬೇಡ

ಪ್ರಶ್ನೆ: ಊರಲ್ಲಿ ಮನೆ ಕಟ್ಟಿಸುತ್ತಿದ್ದೇವೆ, ನಾನು ದೂರದಲ್ಲಿದ್ದೇನೆ. ಮೂರು ವಾರದಿಂದ ಕಂಟ್ರಾಕ್ಟರ್ "ಬಾತ್‌ರೂಮ್ ಶೇ. 90 ಮುಗಿದಿದೆ" ಅಂತಲೇ ಹೇಳುತ್ತಿದ್ದಾರೆ. ನಿಜವಾಗಿ ಎಷ್ಟಾಗಿದೆ ಅಂತ ತಿಳಿಯುವುದು ಹೇಗೆ?

ಮುಂದಿನ ಸಲ ಫೋನ್ ಮಾಡಿದಾಗ "ಎಷ್ಟು ಪರ್ಸೆಂಟ್" ಅಂತ ಕೇಳಬೇಡಿ. ಬಾತ್‌ರೂಮ್ ಕೆಲಸವನ್ನು ಏಳೆಂಟು ಚಿಕ್ಕ ಕೆಲಸಗಳಾಗಿ ಬರೆದುಕೊಳ್ಳಿ. ಒಂದೊಂದಕ್ಕೂ "ಮುಗಿಯಿತಾ, ಇಲ್ವಾ" ಅಂತ ಮಾತ್ರ ಕೇಳಿ. ಅರ್ಧ ಆಗಿದೆ ಅಂದರೆ ಅದು ಮುಗಿದಿಲ್ಲ. ಮನೆ ಕೆಲಸದ ಮೇಲ್ವಿಚಾರಣೆ ನನ್ನ ವೃತ್ತಿ. ನಾನು ಲೆಕ್ಕ ಇಡುವುದು ಹೀಗೇ.

ನಿಮ್ಮ ಕಂಟ್ರಾಕ್ಟರ್ ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಅವರು ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ಗೋಡೆಗೆ ಟೈಲ್ಸ್ ಬಂದರೆ ಬಾತ್‌ರೂಮ್ ಬಹುಪಾಲು ಮುಗಿದ ಹಾಗೇ ಕಾಣುತ್ತದೆ. ಆದರೆ ಉಳಿದಿರುವುದು ಕಣ್ಣಿಗೆ ಕಾಣದ ಕೆಲಸ. ನೆಲಕ್ಕೆ ನೀರು ಕಟ್ಟಿ ಎರಡು ದಿನ ಕಾಯಬೇಕು. ನೀರು ಹೊರಹೋಗುವ ಟ್ರ್ಯಾಪ್ ಕಡೆಗೇ ಹರಿಯುತ್ತದಾ ನೋಡಬೇಕು. ಫಿಟ್ಟಿಂಗ್ ಹಾಕಲು ಪ್ಲಂಬರ್ ಮತ್ತೆ ಬರಬೇಕು, ಅವನು ಇನ್ನೊಂದು ಸೈಟಿನಲ್ಲಿರುತ್ತಾನೆ. ಈ ಕಾಯುವಿಕೆ ಯಾವ ಪರ್ಸೆಂಟಿನಲ್ಲೂ ಸೇರುವುದಿಲ್ಲ. ಸಾಫ್ಟ್‌ವೇರ್‌ನವರಿಗೂ ಇದೇ ಅನುಭವ. ಮೊದಲ ಶೇ. 90 ಕೋಡಿಗೆ ಶೇ. 90 ಸಮಯ ಹಿಡಿಯುತ್ತದೆ, ಉಳಿದ ಶೇ. 10ಕ್ಕೆ ಇನ್ನೊಂದು ಶೇ. 90 ಬೇಕಾಗುತ್ತದೆ ಎಂದು ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ ಹೇಳಿದ ಮಾತು ಅವರಲ್ಲಿ ಬಹಳ ಪ್ರಸಿದ್ಧ.

ಇನ್ನೊಂದು ತೊಂದರೆ ಇದೆ. ಅಂದಾಜಿನ ಪರ್ಸೆಂಟ್ ಹಿಂದಕ್ಕೆ ಹೋಗುವುದಿಲ್ಲ. ಹೋದ ವಾರ 90 ಅಂದವರು ಸೋರಿಕೆ ಕಂಡ ಮೇಲೆ ಈ ವಾರ 60 ಅನ್ನುತ್ತಾರಾ? ಇಲ್ಲ. ಹಾಗಾಗಿ ಆ ಸಂಖ್ಯೆ 90ರಲ್ಲೇ ನಿಂತುಬಿಡುತ್ತದೆ. ನಿಮಗೆ ಮೂರು ವಾರದಿಂದ ಕೇಳುತ್ತಿರುವುದು ಅದೇ.

ನಾನು ನೋಡಿಕೊಂಡ ಒಂದು ಮನೆಯ ಲೆಕ್ಕ ಹೇಳುತ್ತೇನೆ. ಮೂರು ಬಾತ್‌ರೂಮ್, ಪಟ್ಟಿಯಲ್ಲಿ ಒಂದು ಕೆಲಸಕ್ಕೆ ಒಂದು ಗೆರೆಯಂತೆ ಒಂದೊಂದಕ್ಕೆ ಎಂಟು ಗೆರೆ: ನೀರಿನ ಪೈಪ್, ಡ್ರೈನ್ ಪೈಪ್ ಮತ್ತು ಟ್ರ್ಯಾಪ್, ಪ್ಲಾಸ್ಟರಿಂಗ್, ವಾಟರ್‌ಪ್ರೂಫಿಂಗ್, ಗೋಡೆ ಟೈಲ್ಸ್, ನೆಲದ ಟೈಲ್ಸ್, ಗ್ರೌಟ್, ಫಿಟ್ಟಿಂಗ್. ಒಟ್ಟು 24. ಮೇಸ್ತ್ರಿ ಒಂದನೆಯದು 95, ಎರಡನೆಯದು 90, ಮೂರನೆಯದು 70 ಅಂದರು. ಸರಾಸರಿ 85. ಮನೆಯವರು ಎರಡು ವಾರಕ್ಕೆ ಗೃಹಪ್ರವೇಶ ಇಟ್ಟುಕೊಳ್ಳುವ ಯೋಚನೆಯಲ್ಲಿದ್ದರು.

ನಾನು ಪ್ರತಿ ಗೆರೆಯ ಪಕ್ಕದಲ್ಲಿ "ಮುಗಿಯಿತು ಅಂದರೆ ಏನು" ಅಂತ ಬರೆದೆ. ಪೈಪ್ ಮುಗಿಯಿತು ಅಂದರೆ ಕೈಪಂಪಿನಿಂದ ಒತ್ತಡ ಕೊಟ್ಟ ಮೇಲೆ ಗೇಜ್ ಮುಳ್ಳು ಒಂದು ಗಂಟೆ ಇಳಿಯಬಾರದು. ವಾಟರ್‌ಪ್ರೂಫಿಂಗ್ ಮುಗಿಯಿತು ಅಂದರೆ ಟ್ರ್ಯಾಪ್ ಬಾಯಿ ಮುಚ್ಚಿ, ನೆಲದಲ್ಲಿ ನೀರು ನಿಲ್ಲಿಸಿ, 48 ಗಂಟೆ ಆದ ಮೇಲೂ ಕೆಳಗಿನ ಸೀಲಿಂಗ್ ಒಣಗಿರಬೇಕು. ಕೋಟ್ ಬಳಿದಿದ್ದು ಸಾಲದು. ಈ ಅಳತೆಯಲ್ಲಿ ನೋಡಿದಾಗ ಸಿಕ್ಕಿದ್ದು ಕ್ರಮವಾಗಿ 4, 3, 2. ಅಂದರೆ 24ರಲ್ಲಿ 9. ಒಂದನೇ ಬಾತ್‌ರೂಮಿನಲ್ಲಿ ನೀರು ಕಟ್ಟಿ ನೋಡದೆಯೇ ಗೋಡೆ ಟೈಲ್ಸ್ ಮುಗಿಸಿ, ನೆಲಕ್ಕೂ ಟೈಲ್ಸ್ ಹಾಕಿದ್ದರು. ಗೋಡೆ ಟೈಲ್ಸ್ ಮುಗಿದಿತ್ತು, ಗುರುತು ಹಾಕಿದೆ. ನೆಲದ್ದಕ್ಕೆ ಹಾಕಲಿಲ್ಲ.

ಆ ವಾರ ನೀರು ಕಟ್ಟಿಸಿದೆವು. ಎರಡನೇ ದಿನ ಕೆಳಗಿನ ಹಾಲ್ ಸೀಲಿಂಗಿನಲ್ಲಿ ಒದ್ದೆ ಕಲೆ ಬಂತು. ನೆಲದ ಟೈಲ್ಸ್ ಕಿತ್ತೆವು. ಕೋಟ್ ಗೋಡೆಯ ಮೇಲೂ ಸ್ವಲ್ಪ ಏರಬೇಕು, ಹಾಗಾಗಿ ಗೋಡೆಯ ಕೆಳಗಿನ ಸಾಲೂ ಹೋಯಿತು. ಗೋಡೆ ಟೈಲ್ಸ್ ಗುರುತನ್ನು ಅಳಿಸಿದೆ. ಉಳಿದೆರಡು ಬಾತ್‌ರೂಮಿನಲ್ಲಿ ಒಂದೊಂದು ಕೆಲಸ ಮುಗಿದಿತ್ತು. ಹಾಗಾಗಿ ಆ ಶನಿವಾರ ಲೆಕ್ಕ 10. ಮುಂದಿನ ಶನಿವಾರ 13. ವಾರಕ್ಕೆ ಸುಮಾರು ಮೂರು ಮುಗಿಯುತ್ತವೆ, 11 ಉಳಿದಿವೆ. ಇನ್ನೂ ನಾಲ್ಕು ವಾರ ಬೇಕು ಅಂತ ಅವತ್ತೇ ಹೇಳಿದೆ. ಮನೆಯವರು ಕಾರ್ಡ್ ಅಚ್ಚಿಗೆ ಕೊಟ್ಟಿರಲಿಲ್ಲ, ಪುಣ್ಯ. ಆಮೇಲೆ 16, 19, 22, 24. ನಾಲ್ಕೇ ವಾರಕ್ಕೆ ಮುಗಿಯಿತು.

"ಅರ್ಧ ಮಾಡಿದ ಕೆಲಸಕ್ಕೆ ಸೊನ್ನೆ ಕೊಡುವುದು ಅನ್ಯಾಯ ಅಲ್ವಾ" ಅಂತ ಮೇಸ್ತ್ರಿಗಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಲೆಕ್ಕ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ನಿಜ. ಆದರೆ ಎಷ್ಟು ಕಡಿಮೆ ಅಂತ ನಮಗೆ ಗೊತ್ತು. ಈಗ ಮೂರು ಕೆಲಸ ನಡೆಯುತ್ತಿದ್ದರೆ ತಪ್ಪು ಮೂರು ಗೆರೆಗಿಂತ ಜಾಸ್ತಿ ಆಗುವುದಿಲ್ಲ. 85 ಅನ್ನುವ ಅಂದಾಜಿನಲ್ಲಿ ತಪ್ಪು ಎಷ್ಟಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಇನ್ನೊಂದು ಒಳ್ಳೆಯದೂ ಆಗುತ್ತದೆ. ಹತ್ತು ಕಡೆ ಕೆಲಸ ಶುರು ಮಾಡಿ ಬಿಟ್ಟರೆ ಲೆಕ್ಕಕ್ಕೆ ಒಂದೂ ಬರುವುದಿಲ್ಲ. ಹಾಗಾಗಿ ಜನ ಹಿಡಿದದ್ದನ್ನು ಮುಗಿಸುತ್ತಾರೆ. ಶುರು ಮಾಡಿದ ಕೂಡಲೇ 50, ಮುಗಿದಾಗ ಉಳಿದ 50 ಅಂತ ಕೊಡುವ ಪದ್ಧತಿಯೂ ಇದೆ. ಮನೆ ಕೆಲಸಕ್ಕೆ ನನಗದು ಇಷ್ಟವಿಲ್ಲ. ಎಲ್ಲಾ ಕಡೆ ಗೋಡೆ ಕೊರೆದಿಟ್ಟು ಅರ್ಧ ಅಂಕ ತೆಗೆದುಕೊಳ್ಳುವುದು ಸುಲಭ.

ಗೆರೆಯ ಗಾತ್ರ ಮಾತ್ರ ಸರಿಯಾಗಿರಬೇಕು. "ಬಾತ್‌ರೂಮ್" ಅಂತ ಒಂದೇ ಗೆರೆ ಬರೆದರೆ ಎರಡು ತಿಂಗಳು ಸೊನ್ನೆ ನೋಡುತ್ತಾ ಕೂರಬೇಕು, ಅದರಿಂದ ಏನೂ ತಿಳಿಯುವುದಿಲ್ಲ. ನೀವು ವಾರಕ್ಕೊಮ್ಮೆ ವಿಚಾರಿಸುವುದಾದರೆ ಒಂದೊಂದು ಗೆರೆಯೂ ವಾರದೊಳಗೆ ಮುಗಿಯುವಷ್ಟು ಚಿಕ್ಕದಿರಲಿ, ಒಂದಕ್ಕೊಂದು ತೀರಾ ಹೆಚ್ಚು ಕಡಿಮೆ ಇರದಿರಲಿ. ಮಧ್ಯದಲ್ಲಿ ಹೊಸ ಕೆಲಸ ಹುಟ್ಟಿದರೆ ಗೆರೆ ಸೇರಿಸಿ. 24 ಇದ್ದದ್ದು 26 ಆಗಲಿ, ಮುಚ್ಚಿಡಬೇಡಿ. ಅಳೆಯಲು ಬರುವ ಕೆಲಸಕ್ಕೆ ಇದು ಬೇಕಿಲ್ಲ. ನೂರು ಅಡಿ ಕಾಂಪೌಂಡಿನಲ್ಲಿ ನಲವತ್ತು ಅಡಿ ಎದ್ದಿದ್ದರೆ ಶೇ. 40 ಅನ್ನುವುದು ಟೇಪ್ ಹಿಡಿದು ಹೇಳಿದ ಮಾತು, ಅಂದಾಜಲ್ಲ.

ನೀವು ದೂರದಲ್ಲಿದ್ದೀರಿ, ಹಾಗಾಗಿ ಈ ಶನಿವಾರ ಎರಡು ವಿಡಿಯೊ ಕೇಳಿ. ಒಂದರಲ್ಲಿ ಬಾತ್‌ರೂಮ್ ನೆಲದಲ್ಲಿ ನಿಂತ ನೀರು, ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಎಳೆದ ಗೆರೆ, ಪಕ್ಕದಲ್ಲಿ ಬರೆದ ತಾರೀಖು ಮತ್ತು ಗಂಟೆ ಕಾಣಲಿ. ಎರಡನೆಯದನ್ನು 48 ಗಂಟೆ ಬಿಟ್ಟು ತೆಗೆಯಲಿ: ಅದೇ ಗೆರೆ, ಆಮೇಲೆ ಕೆಳಗೆ ಹೋಗಿ ಸೀಲಿಂಗ್. ನೀರು ಒಂದು ಕೂದಲೆಳೆಯಷ್ಟು ಆವಿಯಾಗಿ ಇಳಿದಿದ್ದರೆ ಹೆದರಬೇಡಿ, ಸೀಲಿಂಗ್ ಒಣಗಿದೆಯಾ ನೋಡಿ. ಟೈಲ್ಸ್ ಆಗಲೇ ಹಾಕಿದ್ದರೂ ಈ ಪರೀಕ್ಷೆ ಮಾಡಿಸಿ. ಕಲೆ ಬಂದರೆ ಯಾವ ಯಾವ ಗುರುತು ಅಳಿಸಬೇಕು ಅಂತ ಕಂಟ್ರಾಕ್ಟರ್ ಜೊತೆ ಕೂತು ಮಾತಾಡಿ. ಮುಂದಿನ ಕಂತಿನ ಹಣ ಅದಾದ ಮೇಲೆ ಕೊಡಿ.